ನಮ್ಮ ಮಂಜಣ್ಣ ಹೋಗ್ಬಿಟ್ರು, ಎಲ್ರೂ ಪೂರ್ತಿ ಓದಿ

ನಿನ್ನೆ ರಾತ್ರಿ ಮಂಜಣ್ಣ ತೀರಿಕೊಂಡ್ರು. ಬೆಳಗ್ಗೆ ಐದಕ್ಕೆ ಅವ್ರ ಭಾಮೈದ ಫೋನ್ ಮಾಡಿದ್ರು. ಹಾರ್ಟ್ ಅಟ್ಯಾಕ್, ಇಷ್ಟು ಹೇಳ್ಬಹುದು ಅಂತ ಮನೆಯವ್ರೇ ಅಂದಿದಾರೆ, ಅದಕ್ಕಿಂತ ಜಾಸ್ತಿ ಯಾರೂ ಕೆದಕ್ಬೇಡಿ, ಸ್ಟೇಟಸ್‌ಗೆ ಫೋಟೋ ಹಾಕೋದೂ ಇವತ್ತೊಂದಿನ ಬೇಡ, ಮಗಳಿಗೆ ಇನ್ನೂ ಪೂರ್ತಿ ಹೇಳಿಲ್ವಂತೆ.

ಕಾರ್ಯ ಇವತ್ತು ಸಂಜೆ ನಾಲ್ಕಕ್ಕೆ, ಚನ್ನರಾಯಪಟ್ಟಣದ ಹತ್ರ ಅವ್ರ ತೋಟದಲ್ಲಿ. ಆಫೀಸ್ ಮುಂದಿಂದ ಹನ್ನೊಂದಕ್ಕೆ ಟಿಟಿ ಹೊರಡುತ್ತೆ, ಬರೋರು ಪ್ರಕಾಶ್‌ಗೆ ಹೇಳಿ. ಬರೋಕಾಗದೇ ಇದ್ರೆ ಬೇಜಾರು ಬೇಡ, ಹನ್ನೊಂದನೇ ದಿನದ ತಿಥಿಗೆ ಹೋಗೋಣ. ನಾಳೆ ರಜ ಬೇಕಾದೋರು ತಗೊಳ್ಳಿ, ಕಾರಣ ಕೇಳಲ್ಲ.

ಕೆಲಸದ ಮಾತು ಈಗ್ಲೇ ಎತ್ತೋಕೆ ನಂಗೇ ಒಂಥರಾ ಆಗ್ತಿದೆ, ಆದ್ರೆ ಬುಧವಾರ 11ನೇ ತಾರೀಕು, GSTR-1 ಇದೆ. ಅದನ್ನ ಸುಮಾ ನೋಡ್ಕೊಳ್ತಾರೆ, 20ಕ್ಕೆ GSTR-3B ನಾನು ಮಾಡ್ತೀನಿ, ವೆಂಡರ್ ಪೇಮೆಂಟ್ ಪ್ರಕಾಶ್. ಮಂಜಣ್ಣಂಗೆ ಬರೋ ಮೇಲ್ ಎಲ್ಲಾ ಇವತ್ತಿಂದ ನಂಗೆ ಬರುತ್ತೆ. ಹುಬ್ಬಳ್ಳಿ ಬ್ರಾಂಚ್ ಲಾಗಿನ್‌ಗೆ ಕೊಟ್ಟಿರೋದು ಮಂಜಣ್ಣನ ಮೊಬೈಲ್ ನಂಬರ್, ಓಟಿಪಿ ಅವ್ರ ಫೋನಿಗೇ ಹೋಗುತ್ತೆ. ದಯವಿಟ್ಟು ಆ ಫೋನಿಗೆ ಕಾಲ್ ಮಾಡಿ ಅತ್ತಿಗೆ ಹತ್ರ ಓಟಿಪಿ ಕೇಳ್ಬೇಡಿ, ಲೇಟಾದ್ರೆ ಲೇಟ್ ಫೀ ಕಟ್ಟೋಣ, ಮೇಲಿನೋರಿಗೆ ನಾನು ಹೇಳ್ಕೊಳ್ತೀನಿ. ಕ್ಲೈಂಟ್ ಯಾರಾದ್ರೂ ಅವ್ರನ್ನ ಕೇಳಿದ್ರೆ ರಜದಲ್ಲಿದಾರೆ ಅನ್ಬೇಡಿ, ತೀರಿಕೊಂಡ್ರು ಅಂತ್ಲೇ ಹೇಳಿ ನನ್ನ ನಂಬರ್ ಕೊಡಿ.

ಇನ್ನು ಟೇಬಲ್. ಯಾರೂ ಮುಟ್ಬೇಡಿ. ಶುಕ್ರವಾರದ ಊಟದ ಡಬ್ಬಿ ಅಲ್ಲೇ ಉಳಿದಿತ್ತು, ಅದನ್ನ ಮಾತ್ರ ನಾನೇ ತೊಳೆದಿಟ್ಟಿದೀನಿ, ಒಳಗೆ ಅರ್ಧ ಚಪಾತಿ ಇತ್ತು. ಗುರುವಾರ ನಾನು, ಸುಮಾ ಇಬ್ರೂ ಕೂತು ಡ್ರಾಯರ್ ತೆಗೆದು ಒಂದೊಂದೂ ಬರ್ಕೊಂಡು ಪೆಟ್ಟಿಗೆಗೆ ಹಾಕ್ತೀವಿ, ತಿಥಿ ಮುಗಿದ ಮೇಲೆ ಭಾಮೈದನ ಕೈಗೆ ಕೊಡ್ತೀವಿ. ಕನ್ನಡಕ, ಚಪ್ಪಲಿ, ಮುರಿದ ಛತ್ರಿ, ಏನೇ ಇರ್ಲಿ ಎಲ್ಲಾ ಹೋಗುತ್ತೆ, ಎಸೆಯೋದು ಬಿಡೋದು ಅವ್ರ ಮನೆಯವ್ರಿಗೆ ಬಿಟ್ಟಿದ್ದು. ನೆನಪಿಗೆ ಅಂತ ಒಂದು ಪೆನ್ನೂ ಎತ್ಕೋಬೇಡಿ. ಲ್ಯಾಪ್‌ಟಾಪಲ್ಲಿ ಮಗಳ ಫೋಟೋಗಳಿದಾವೆ, ಐಟಿಯವ್ರು ಪೆನ್‌ಡ್ರೈವ್‌ಗೆ ಹಾಕೋ ತನಕ ಫಾರ್ಮ್ಯಾಟ್ ಮಾಡಲ್ಲ.

ಚೀಟಿ ದುಡ್ಡಿನ ಲೆಕ್ಕ ಅವ್ರ ಕೆಂಪು ಪುಸ್ತಕದಲ್ಲಿದೆ, ಕೊಡೋರು ತಗೊಳ್ಳೋರು ನನ್ನ ಹತ್ರ ಬನ್ನಿ, ಮನೆಗೆ ಹೋಗಿ ಕೇಳಿದ್ದು ಗೊತ್ತಾದ್ರೆ ನಾನು ಸುಮ್ನಿರಲ್ಲ. ಪಿಎಫ್, ಪೆನ್ಷನ್, ಇಡಿಎಲ್‌ಐ ಇನ್ಶೂರೆನ್ಸ್ ಫಾರಂಗಳನ್ನ ಎಚ್‌ಆರ್ ಜೊತೆ ಕೂತು ನಾನೇ ತುಂಬಿಸ್ತೀನಿ. ಮಂಜಣ್ಣ ಸೇರಿ ನಾಲ್ಕೇ ವರ್ಷ, ಗ್ರಾಚ್ಯುಟಿ ಬರಲ್ಲ ಅಂತ ಯಾರೋ ಆಗ್ಲೇ ಅಂದ್ರಂತೆ. ತೀರಿಕೊಂಡಾಗ ಐದು ವರ್ಷದ ರೂಲ್ ಇಲ್ಲ, ಬರುತ್ತೆ.

ಆ ಸೀಟಿಗೆ ಸದ್ಯಕ್ಕೆ ಯಾರನ್ನೂ ಕೂರಿಸಲ್ಲ. ಈ ಗ್ರೂಪಿಂದ ಅವ್ರ ನಂಬರನ್ನ ಯಾರೂ ತೆಗೀಬೇಡಿ. ಮನಿಪ್ಲಾಂಟ್‌ಗೆ ನೀರು ಯಾರು ಹಾಕ್ತೀರ, ಹೇಳಿ.