ಮೈಲುತುತ್ತಿನ ಎರಡು ಲೋಡುಗಳಿಗೆ 120 ದಿನಗಳ ಗಡುವು ಕೋರಿ ಪತ್ರ

ಪೆರ್ಲ, ಕಾಸರಗೋಡು ಜಿಲ್ಲೆ
12-04-2025

ಮಾನ್ಯ ಪೈಗಳಿಗೆ,
ತೋಟದ ಸಾಮಗ್ರಿಗಳ ಸಗಟು ಅಂಗಡಿ, ಬಂದರು, ಮಂಗಳೂರು

ನಮಸ್ಕಾರಗಳು.

ಫೋನಿನಲ್ಲಿ ಹೇಳಿ ಮುಗಿಸಬಹುದಾದ ಮಾತಲ್ಲ. ನಾಳೆ ತಮ್ಮ ಅಣ್ಣನವರಿಗೋ ಲೆಕ್ಕದವರಿಗೋ ತೋರಿಸಬೇಕಾಗಿ ಬಂದರೆ ಕೈಯಲ್ಲಿ ಕಾಗದ ಇರಲಿ ಎಂದು ಬರೆಯುತ್ತಿದ್ದೇನೆ.

ಈ ಸಲದ ಮದ್ದಿನ ಕಾಲಕ್ಕೆ ತಮ್ಮಿಂದ ಎರಡು ಲೋಡು ಮೈಲುತುತ್ತು ಬೇಕು. ಮೊದಲನೆಯದು ಮೇ 14ಕ್ಕೆ, ತೆರಿಗೆ ಬಿಟ್ಟು 6,00,000 ರೂಪಾಯಿಯದು. ಎರಡನೆಯದು ಜೂನ್ 23ಕ್ಕೆ, 4,00,000 ರೂಪಾಯಿಯದು. ಈಗ ನಮಗಿರುವ ಗಡುವು ಬಿಲ್ಲಿನಿಂದ 30 ದಿನ. ಈ ಎರಡು ಬಿಲ್ಲುಗಳಿಗೆ ಮಾತ್ರ ಅದನ್ನು 120 ದಿನ ಮಾಡಿಕೊಡಬೇಕೆಂದು ಕೇಳುತ್ತಿದ್ದೇನೆ. ಪೈಪು, ಸ್ಪ್ರೇಯರಿನ ಬಿಡಿಭಾಗ, ಸುಣ್ಣ ಇತ್ಯಾದಿಗಳ ಲೆಕ್ಕ ಹಿಂದಿನ ಹಾಗೆ 30 ದಿನಕ್ಕೇ ಇರಲಿ.

ಕಾರಣವನ್ನು ಮುಚ್ಚಿಡುವುದಿಲ್ಲ. ಕಳೆದ ಮಳೆಗಾಲ ಹೇಗಿತ್ತೆಂದು ತಮಗೂ ಗೊತ್ತು. ಮೇ ಕೊನೆಗೊಂದು, 40-45 ದಿನ ಕಳೆದು ಇನ್ನೊಂದು, ಹೀಗೆ ಎರಡು ಸಲ ಬೋರ್ಡೋ ಬಿಟ್ಟರೆ ಸಾಕಾಗುತ್ತಿದ್ದ ಶೇಣಿ, ಕಾಟುಕುಕ್ಕೆ, ಬಜಕೂಡ್ಲು ಕಡೆಯ ತೋಟಗಳಿಗೆ ಮೂರನೆಯ ಸಲವೂ ಬಿಡಬೇಕಾಯಿತು. ಬಿಡಲು ಬಿಸಿಲು ಸಿಗದವರ ಅಡಿಕೆ ಕೊಳೆತು ಉದುರಿತು. ಮೂರನೆಯ ಸಲದ ತುತ್ತನ್ನು ನಾನು ಬಾಕಿಗೇ ಕೊಟ್ಟೆ. ಮಳೆ ಸುರಿಯುತ್ತಿರುವಾಗ, ಎದುರು ನಿಂತವನ ತೋಟ ಹಾಳಾಗುತ್ತಿರುವಾಗ, ಮೊದಲು ಹಳೆಯದನ್ನು ತೀರಿಸಿ ಎನ್ನಲು ನನ್ನ ಬಾಯಿ ಬರಲಿಲ್ಲ. ವ್ಯಾಪಾರಿಯಾಗಿ ಅದು ಸರಿಯೋ ತಪ್ಪೋ, ತಾವೇ ಹೇಳಬೇಕು. ಮಾರ್ಚ್ 31ಕ್ಕೆ 112 ಮಂದಿಯಿಂದ ನನಗೆ ಬರಬೇಕಾದದ್ದು 5,40,000 ರೂಪಾಯಿ. ಅದರಲ್ಲಿ 60,000ದಷ್ಟು ಬರುವುದು ಸಂಶಯ. ಉಳಿದದ್ದು ಬರುತ್ತದೆ, ಆದರೆ ಅಡಿಕೆ ಮಾರಿದ ಹಾಗೆ ಬರುತ್ತದೆ. ಅಂಗಡಿ ನಷ್ಟದಲ್ಲಿಲ್ಲ. ಸಹಕಾರಿ ಬ್ಯಾಂಕಿನ ಓವರ್‌ಡ್ರಾಫ್ಟ್ 4,00,000ದ ಮಿತಿಯಲ್ಲಿ 2,70,000 ಆಗಲೇ ಎತ್ತಿದ್ದೇನೆ. ಕೈಯಲ್ಲಿ ಓಡಾಡುವ ಹಣ ಕಡಿಮೆಯಾಗಿರುವುದು ನಿಜ.

ಮೇ ತಿಂಗಳಲ್ಲಿ ತುತ್ತು ಕೊಂಡೊಯ್ದವರು ಜೂನ್‌ನಲ್ಲಿ ಹಣ ಕೊಡುವುದು ನಮ್ಮ ಕಡೆ ಎಂದೂ ಇಲ್ಲ. ಆಟಿಯಲ್ಲಂತೂ ಕೇಳಲೂಬಾರದು. ಚಾಲಿ ಅಟ್ಟದಲ್ಲಿಟ್ಟವರು ಸೋಣದಲ್ಲಿ, ಚೌತಿಯ ಖರ್ಚಿಗೆಂದು ಕ್ಯಾಂಪ್ಕೊಗೋ ಪೇಟೆಯ ಅಂಗಡಿಗೋ ಹಾಕುತ್ತಾರೆ. ನನ್ನ ಹಣ ಹೊರಗೆ ಬರುವುದು ಅಂದೇ. ನಿಮಗೆ 30 ದಿನಕ್ಕೆ ಕೊಟ್ಟು, ನನಗೆ 100 ದಿನಕ್ಕೆ ಬರುವ ಅಂತರವನ್ನು ಇಷ್ಟು ವರ್ಷ ಬ್ಯಾಂಕು ತುಂಬುತ್ತಿತ್ತು. ಈ ಸಲ ಅದೊಂದರಿಂದಲೇ ಆಗುವುದಿಲ್ಲ.

ನಮ್ಮ ಹಳೆಯ ಲೆಕ್ಕವನ್ನು ತಾವು ತೆರೆದು ನೋಡಬಹುದು. ನಾನು ತೆಗೆದ ಪ್ರತಿಯನ್ನೂ ಇದರೊಂದಿಗೆ ಇಟ್ಟಿದ್ದೇನೆ. 2011ರಲ್ಲಿ ತಮ್ಮ ತಂದೆಯವರು ಮೊದಲ ಬಿಲ್ಲು ಮಾಡಿದ ದಿನದಿಂದ ನಮ್ಮ ಒಂದು ಚೆಕ್ಕೂ ಮರಳಿಲ್ಲ. ಕಳೆದ ಮೂರು ವರ್ಷಗಳಲ್ಲಿ 41 ಬಿಲ್ಲುಗಳು. 38 ಗಡುವಿನೊಳಗೆ ತೀರಿವೆ, 3 ತಡವಾಗಿವೆ. ಅತಿ ಹೆಚ್ಚು ತಡವಾದದ್ದು 9 ದಿನ. ಖರೀದಿ 2022-23ರಲ್ಲಿ 14.2 ಲಕ್ಷ ಇದ್ದದ್ದು ಕಳೆದ ವರ್ಷ 19.6 ಲಕ್ಷಕ್ಕೆ ಏರಿದೆ. ದೊಡ್ಡದಾಗಿ ತಪ್ಪಿದ್ದು ಒಂದೇ ಸಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳು ಮುಚ್ಚಿದಾಗ ನಮ್ಮಿಂದ 52 ದಿನ ತಡವಾಗಿತ್ತು. ಅಂದು ಸಹ ಮೊದಲೇ ಫೋನು ಮಾಡಿ ಹೇಳಿದ್ದೆ, ಮೂರು ಕಂತಿನಲ್ಲಿ ತೀರಿಸಿದ್ದೆ. ಅದನ್ನು ನಾನೇ ಬರೆಯುತ್ತಿದ್ದೇನೆ, ಏಕೆಂದರೆ ಲೆಡ್ಜರಿನಲ್ಲಿ ತಮ್ಮ ಕಣ್ಣಿಗೆ ಮೊದಲು ಬೀಳುವುದು ಅದೇ.

ಇನ್ನು ಕೊಡುವ ಕ್ರಮ. ಎರಡೂ ಬಿಲ್ಲುಗಳ ಜಿಎಸ್‌ಟಿಯನ್ನು ಲೋಡು ಇಳಿದ ದಿನವೇ ಪೂರ್ತಿ ಕಳುಹಿಸುತ್ತೇನೆ. ನಾನು ಕೊಡಲಿ ಬಿಡಲಿ, ಮುಂದಿನ ತಿಂಗಳು 20ರೊಳಗೆ ತಾವು ಅದನ್ನು ಕಟ್ಟಲೇಬೇಕು. ನನ್ನ ಸಾಲಕ್ಕೆ ತಾವು ಕೈಯಿಂದ ತೆರಿಗೆ ಕಟ್ಟುವುದು ನ್ಯಾಯವಲ್ಲ. ಉಳಿದದ್ದು ಹೀಗೆ:

ಮೊದಲ ಲೋಡು, 6,00,000
ಮೇ 14: 1,00,000
ಜೂನ್ 12: 1,00,000
ಜುಲೈ 14: 1,00,000
ಆಗಸ್ಟ್ 14: 50,000
ಸೆಪ್ಟೆಂಬರ್ 11: 2,50,000

ಎರಡನೆಯ ಲೋಡು, 4,00,000
ಜುಲೈ 23: 75,000
ಆಗಸ್ಟ್ 25: 75,000
ಸೆಪ್ಟೆಂಬರ್ 22: 1,00,000
ಅಕ್ಟೋಬರ್ 17: 1,50,000

ಆಗಸ್ಟ್ 14ರ ಕಂತು ಚಿಕ್ಕದಾದದ್ದು ಆಟಿಯ ಕಾರಣಕ್ಕೆ. ಅಲ್ಲಿ ದೊಡ್ಡ ಅಂಕಿ ಬರೆದು ಆಮೇಲೆ ಸಬೂಬು ಹೇಳುವುದಕ್ಕಿಂತ ಇದೇ ಒಳ್ಳೆಯದು ಅನ್ನಿಸಿತು. ಕೊನೆಯ ಕಂತು ದೀಪಾವಳಿಗೆ ಮೊದಲೇ ಮುಗಿಯುತ್ತದೆ. ಈ ಎರಡು ಬಿಲ್ಲುಗಳಲ್ಲಿ ತಮ್ಮ ಹಣ ಅತಿ ಹೆಚ್ಚು ನನ್ನಲ್ಲಿ ನಿಲ್ಲುವುದು ಜೂನ್ 23ರಂದು, 8,00,000. ಇಷ್ಟರವರೆಗೆ ನಮ್ಮ ಬಾಕಿ ಒಮ್ಮೆಯೂ 5 ಲಕ್ಷ ದಾಟಿಲ್ಲ ಎಂಬುದು ನನಗೆ ನೆನಪಿದೆ. ಆದ್ದರಿಂದ ಮೇ 14ರದ್ದನ್ನು ಬ್ಯಾಂಕಿನಿಂದ ನೇರ ಹಾಕಿ, ಉಳಿದ ಎಂಟು ಕಂತುಗಳಿಗೂ ಆಯಾ ದಿನಾಂಕದ ಚೆಕ್ಕುಗಳನ್ನು ಮುಂಗಡವಾಗಿ ತಮ್ಮ ಕೈಯಲ್ಲಿ ಕೊಡುತ್ತೇನೆ. ಎರಡನೆಯ ಲೋಡು ಹೊರಡುವ ಮೊದಲು ಜೂನ್ 12ರ ಚೆಕ್ಕು ಪಾಸಾಗಿದೆಯೇ ಎಂದು ನೋಡಿ; ಆಗಿಲ್ಲವಾದರೆ ಲಾರಿ ಕಳುಹಿಸಬೇಡಿ. ಅದಕ್ಕೆ ನಾನು ಒಂದು ಮಾತೂ ಆಡುವುದಿಲ್ಲ.

ಗಡುವು ಉದ್ದವಾದರೆ ತಮಗೂ ಖರ್ಚಿದೆ. ರೊಕ್ಕಕ್ಕೆ ಕೊಡುವ ಶೇಕಡಾ 2ರ ಕಡಿತವನ್ನು ಈ ಎರಡು ಬಿಲ್ಲುಗಳಲ್ಲಿ ಕೇಳುವುದಿಲ್ಲ. 60 ದಿನ ದಾಟಿ ಉಳಿದ ಮೊತ್ತಕ್ಕೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಹಾಕಿದರೂ ಒಪ್ಪಿಗೆ. ಬಿಲ್ಲಾದ 180 ದಿನದೊಳಗೆ ತಮಗೆ ಹಣ ಕೊಡದಿದ್ದರೆ ನಾನು ಪಡೆದ ಇನ್‌ಪುಟ್ ತೆರಿಗೆಯನ್ನು ಬಡ್ಡಿ ಸಮೇತ ಮರಳಿಸಬೇಕಾಗುತ್ತದೆಂದು ನಮ್ಮ ಆಡಿಟರು ಎಚ್ಚರಿಸಿದ್ದಾರೆ. ಹಾಗಾಗಿ ಇದಕ್ಕಿಂತ ಮುಂದೆ ಎಳೆಯುವುದು ನನಗೇ ದುಬಾರಿ.

120 ದಿನ ಕಷ್ಟವೆಂದು ಕಂಡರೆ ಮೊದಲ ಲೋಡನ್ನು 4,00,000ಕ್ಕೆ ಇಳಿಸಿ 75 ದಿನ ಕೊಡಿ, ಎರಡನೆಯದನ್ನು ಜೂನ್ ಬಂದಾಗ ನೋಡೋಣ. ಹಾಗಾದರೆ ಕೆಲವು ಗಿರಾಕಿಗಳು ಪುತ್ತೂರಿಗೋ ಬದಿಯಡ್ಕಕ್ಕೋ ಹೋಗುತ್ತಾರೆ, ಹೋಗಲಿ. ಏನೂ ಆಗದಿದ್ದರೆ ಅದನ್ನೂ ನೇರವಾಗಿ ಹೇಳಿ, ಬೇಸರವಿಲ್ಲ. ಹೆಚ್ಚು ಬಾಕಿ ಬಿಡುತ್ತೇವೆಂದು ಬೇರೆ ಕಡೆಯವರು ಕೇಳಿಕೊಂಡು ಬಂದದ್ದಿದೆ. ಅವರ ತುತ್ತು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಅಡಿಯಲ್ಲಿ ಗಸಿ ನಿಲ್ಲುತ್ತದೆ. ನನ್ನ ಹೆಸರಿನಲ್ಲಿ ಅದನ್ನು ತೋಟಕ್ಕೆ ಕಳುಹಿಸುವ ಮನಸ್ಸಿಲ್ಲ.

ತಮ್ಮ ಉತ್ತರ ಏಪ್ರಿಲ್ 25ರೊಳಗೆ ಸಿಕ್ಕಿದರೆ ಉಪಕಾರ. ಮೇ ಮೊದಲ ವಾರದಲ್ಲೇ ಜನ ಕೇಳಿಕೊಂಡು ಬರತೊಡಗುತ್ತಾರೆ. ಬಿಸು ಕಳೆದು 17ರಂದು ಗುರುವಾರ ನಾನೇ ಬಂದರಿಗೆ ಬರುತ್ತೇನೆ, ಬಾಕಿಯವರ ಪಟ್ಟಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ತರುತ್ತೇನೆ. ಹನ್ನೊಂದು ಗಂಟೆಗೆ ತಾವು ಅಂಗಡಿಯಲ್ಲಿ ಸಿಗುವುದಿಲ್ಲವಾದರೆ ಒಂದು ಫೋನು ಮಾಡಿ.

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಇತೀ ತಮ್ಮ ವಿಶ್ವಾಸಿ,
ಉದಯಶಂಕರ
ಕೃಷಿ ಸಾಮಗ್ರಿ ಅಂಗಡಿ, ಪೆರ್ಲ ಪೇಟೆ

ಜೊತೆಗಿಟ್ಟದ್ದು: 2022ರ ಏಪ್ರಿಲಿನಿಂದ 2025ರ ಮಾರ್ಚಿನವರೆಗಿನ ಲೆಡ್ಜರಿನ ಪ್ರತಿ