ವಿಷಯ: ಪಂಪ್ ಕೇಸಿಂಗ್ ಎರಕಗಳು ಸತತ ಆರನೇ ಬಾರಿ ತಡ – ತಮ್ಮ ನೇರ ಗಮನಕ್ಕೆ

ಬೆಂಗಳೂರು
18 ನವೆಂಬರ್ 2025

ಇವರಿಗೆ:
ಜನರಲ್ ಮ್ಯಾನೇಜರ್, ಫೌಂಡ್ರಿ ವಿಭಾಗ, ಶಿವಮೊಗ್ಗ

ಮಾನ್ಯರೇ,

ಒಂಬತ್ತು ವರ್ಷಗಳಿಂದ ನಮ್ಮ ಪೀಣ್ಯದ ಘಟಕಕ್ಕೆ ಪಂಪ್ ಕೇಸಿಂಗ್ ಎರಕಗಳು ತಮ್ಮ ಕಾರ್ಖಾನೆಯಿಂದಲೇ ಬರುತ್ತಿವೆ. ಇಷ್ಟು ವರ್ಷಗಳಲ್ಲಿ ತಮಗೆ ನೇರವಾಗಿ ದೂರು ಬರೆಯುವ ಸಂದರ್ಭ ಬಂದಿರಲಿಲ್ಲ. ಈಗ ಬಂದಿದೆ. ಜೂನ್‌ನಿಂದ ಈವರೆಗೆ ನಾವು ಕೊಟ್ಟ ಆರು ಆರ್ಡರ್‌ಗಳಲ್ಲಿ ಒಂದೂ ಹೇಳಿದ ದಿನಕ್ಕೆ ಬಂದಿಲ್ಲ. ಜುಲೈ 17, ಆಗಸ್ಟ್ 19 ಮತ್ತು ಅಕ್ಟೋಬರ್ 27ರಂದು ತಮ್ಮ ಮಾರಾಟ ವಿಭಾಗಕ್ಕೆ ಬರೆದಿದ್ದೇನೆ. ಮೂರು ಸಲವೂ ‘ಮುಂದಿನ ಲಾಟ್‌ನಿಂದ ಸರಿಹೋಗುತ್ತದೆ’ ಎಂಬ ಒಂದೇ ಸಾಲಿನ ಉತ್ತರ ಬಂತು.

ನಮ್ಮ ಗೇಟ್ ರಿಜಿಸ್ಟರ್ ಮತ್ತು ತಮ್ಮ ಆರ್ಡರ್ ಸ್ವೀಕೃತಿ ಪತ್ರಗಳನ್ನು ಎದುರುಬದುರು ಇಟ್ಟುಕೊಂಡು ಕೆಳಗಿನ ಪಟ್ಟಿ ಮಾಡಿದ್ದೇನೆ. ಪ್ರತಿ ಆರ್ಡರ್ 200 ಎರಕಗಳದ್ದು. ಒಪ್ಪಿದ ದಿನಾಂಕಗಳೆಲ್ಲವೂ ತಾವೇ ಕೊಟ್ಟವು, ನಾವು ಒತ್ತಾಯಿಸಿ ಬರೆಸಿಕೊಂಡವಲ್ಲ.

| ಪಿಒ ಸಂಖ್ಯೆ | ಒಪ್ಪಿದ ದಿನ | ಬದಲಿಸಿ ಹೇಳಿದ ದಿನ | ಬಂದ ದಿನ | ತಡ (ದಿನ) | ತಾವು ಕೊಟ್ಟ ಕಾರಣ |
|---|---|---|---|---|---|
| 214 | 09-06-2025 | – | 13-06-2025 | 4 | ಲಾರಿ ಸಿಗಲಿಲ್ಲ |
| 227 | 07-07-2025 | – | 16-07-2025 | 9 | ಫರ್ನೇಸ್ ಲೈನಿಂಗ್ ಕೆಲಸ |
| 239 | 04-08-2025 | 08-08-2025 | 18-08-2025 | 14 | ಕೋರ್ ಬಾಕ್ಸ್ ಸವೆದಿದೆ |
| 252 | 08-09-2025 | 15-09-2025 | 19-09-2025 | 11 | ಕೋರ್ ಬಾಕ್ಸ್ ರಿಪೇರಿ |
| 266 | 06-10-2025 | 13-10-2025 | 25-10-2025 | 19 | ಹಬ್ಬದ ರಜೆ |
| 281 | 03-11-2025 | 10-11, ನಂತರ 14-11 | 17-11-2025 (120 ಮಾತ್ರ) | 14. ಉಳಿದ 80 ಇನ್ನೂ ಬಂದಿಲ್ಲ | ಕಾರಣ ತಿಳಿಸಿಲ್ಲ |

ಪೂರ್ತಿ ಬಂದ ಐದು ಆರ್ಡರ್‌ಗಳಲ್ಲೇ ಒಟ್ಟು 57 ದಿನ ತಡವಾಗಿದೆ. ಫರ್ನೇಸ್ ಲೈನಿಂಗ್ ಸವೆಯುತ್ತದೆ, ಕೋರ್ ಬಾಕ್ಸ್ ಸವೆಯುತ್ತದೆ, ಆಯುಧಪೂಜೆಗೆ ಊರಿಗೆ ಹೋದ ಮೋಲ್ಡರ್‌ಗಳು ಎರಡು ದಿನ ತಡವಾಗಿ ಬರುತ್ತಾರೆ. ಇವೆಲ್ಲ ಯಂತ್ರಗಳ ನಡುವೆ ಬದುಕುವ ನಮಗೂ ಗೊತ್ತು. ಜೂನ್‌ನ ನಾಲ್ಕು ದಿನದ ಬಗ್ಗೆ ನಾನು ಮಾತೇ ಆಡಲಿಲ್ಲ. ನನ್ನ ತಕರಾರು ತಡದ ಬಗ್ಗೆ ಇರುವುದಕ್ಕಿಂತ ಹೆಚ್ಚಾಗಿ, ನೆರವೇರುವುದಿಲ್ಲವೆಂದು ಗೊತ್ತಿದ್ದೂ ಕೊಡುವ ದಿನಾಂಕಗಳ ಬಗ್ಗೆ ಇದೆ. ಪಟ್ಟಿಯ ಮೂರನೇ ಕಾಲಂ ನೋಡಿ: ಬದಲಿಸಿ ಹೇಳಿದ ದಿನವನ್ನೂ ಒಮ್ಮೆಯಾದರೂ ಉಳಿಸಿಕೊಂಡಿಲ್ಲ.

ಪಿಒ 266ರಲ್ಲಿ ನಡೆದದ್ದನ್ನು ತಮಗೆ ಹೇಳಲೇಬೇಕು. ಅಕ್ಟೋಬರ್ 16ರ ಸಂಜೆ ತಮ್ಮ ಡಿಸ್ಪ್ಯಾಚ್ ವಿಭಾಗದಿಂದ ‘ಲಾರಿ ಹೊರಟಿದೆ, ಬೆಳಿಗ್ಗೆ ನಿಮ್ಮಲ್ಲಿರುತ್ತದೆ’ ಎಂದು ಫೋನ್ ಬಂತು. ಒಂದು ಎರಕ 42 ಕಿಲೋ. ಲೋಡ್ ಎಂಟು ಟನ್ ದಾಟುತ್ತದೆ. ಇಳಿಸಲು ನಾಲ್ವರು ಹಮಾಲಿಗಳನ್ನು ಕರೆಸಿದೆವು. 17ರಂದು ಅವರು ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ ಗೇಟಿನ ಬಳಿ ಕುಳಿತರು. ಮಧ್ಯಾಹ್ನ ಕೇಳಿದರೆ ‘ತುಮಕೂರು ದಾಟಿದೆ’ ಎಂದರು, ಸಂಜೆ ಕೇಳಿದರೆ ‘ನೆಲಮಂಗಲದ ಟ್ರಾಫಿಕ್‌ನಲ್ಲಿದೆ’ ಎಂದರು. ಕೊನೆಗೆ 25ರಂದು ಲಾರಿ ಬಂದಾಗ ಇ-ವೇ ಬಿಲ್ ನೋಡಿದೆ. ಅದನ್ನು ತಯಾರಿಸಿದ್ದು ಅಕ್ಟೋಬರ್ 24ರಂದು. 17ರಂದು ನೆಲಮಂಗಲದಲ್ಲಿ ನಮ್ಮ ಎರಕ ಹೊತ್ತ ಯಾವ ಲಾರಿಯೂ ಇರಲಿಲ್ಲ. ಹಮಾಲಿಗಳ ಕೂಲಿ ದೊಡ್ಡ ಮೊತ್ತವೇನಲ್ಲ. ಆದರೆ ಅವರಿಗೆ ‘ಇನ್ನೊಂದು ಗಂಟೆ ಇರಿ’ ಎಂದು ದಿನವಿಡೀ ಹೇಳುತ್ತಿದ್ದವನು ನಾನು.

ಕೇಸಿಂಗ್ ಇಲ್ಲದಿದ್ದರೆ ನಮ್ಮಲ್ಲಿ ಏನೂ ಮುಂದೆ ಹೋಗುವುದಿಲ್ಲ. ಇಂಪೆಲ್ಲರ್, ಶಾಫ್ಟ್, ಮೆಕ್ಯಾನಿಕಲ್ ಸೀಲ್, ಬೇರಿಂಗ್ ಎಲ್ಲವನ್ನೂ ಜೋಡಣೆಯ ಮೇಜಿನ ಮೇಲೆ ಸಾಲಾಗಿಟ್ಟುಕೊಂಡು ಹುಡುಗರು ಕಾಯುತ್ತಾರೆ. ಎರಡು ಸಿಎನ್‌ಸಿ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ. ಮಾಲು ಬಂದ ಮೇಲೆ ಅದೇ ಹುಡುಗರು ಭಾನುವಾರವೂ ಬಂದು ಓವರ್‌ಟೈಮ್ ಮಾಡಬೇಕು. ಅಷ್ಟಾದರೂ ಅಕ್ಟೋಬರ್‌ನ ಪಂಪ್‌ಗಳು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗುತ್ತಿಗೆದಾರರಿಗೆ ತಡವಾಗಿಯೇ ತಲುಪಿದವು. ಅವರು ನಮ್ಮ ಬಿಲ್ಲಿನಲ್ಲಿ 38,400 ರೂಪಾಯಿ ಕಡಿತ ಮಾಡಿದರು.

ತಡದ ಜೊತೆಗೆ ಅವಸರದ ಕುರುಹೂ ಕಾಣುತ್ತಿದೆ. ಅಕ್ಟೋಬರ್ ಲಾಟ್‌ನ 23 ಎರಕಗಳ ಒಳಗೆ, ನೀರು ಸುತ್ತುವ ದಾರಿಯಲ್ಲಿ ಕೋರ್ ಮರಳು ಸುಟ್ಟು ಅಂಟಿಕೊಂಡಿತ್ತು. ಫೆಟ್ಲಿಂಗ್ ಸರಿಯಾಗಿ ಆಗಿರಲಿಲ್ಲ. ಕೆಲವದರ ತೆಳುವಾದ ಅಂಚು ಎಷ್ಟು ಗಡಸಾಗಿತ್ತೆಂದರೆ ಇನ್ಸರ್ಟ್‌ಗಳ ಮೂಲೆ ಮುರಿದವು. ಎರಕ ಆರುವ ಮೊದಲೇ ಅಚ್ಚು ಒಡೆದರೆ ಹೀಗಾಗುವುದುಂಟು. ತಮ್ಮ ಶಾಪ್‌ನಲ್ಲಿ ಅದನ್ನು ಒಮ್ಮೆ ಪರಿಶೀಲಿಸಿ. ತಮ್ಮ ಎರಕದ ಗುಣಮಟ್ಟವನ್ನು ಬೇರೆಯವರ ಮುಂದೆ ಹೊಗಳುತ್ತಾ ಬಂದವನು ನಾನು. ಹಾಗಾಗಿ ಆ 23 ಎರಕಗಳನ್ನು ಪಕ್ಕಕ್ಕಿಡುವಾಗ ನಿಜಕ್ಕೂ ಬೇಸರವಾಯಿತು.

ನಮ್ಮ ಊಹೆಯನ್ನೂ ಮುಚ್ಚಿಡುವುದಿಲ್ಲ. ದೊಡ್ಡ ಗಿರಾಕಿಗಳ ಆರ್ಡರ್ ಬಂದಾಗ ನಮ್ಮ ಪ್ಯಾಟರ್ನ್ ಅನ್ನು ಮೋಲ್ಡಿಂಗ್ ಲೈನಿನಿಂದ ಇಳಿಸುತ್ತಿದ್ದಾರೆ ಎಂದು ನಮಗನಿಸುತ್ತಿದೆ. ಅದು ತಪ್ಪಾಗಿದ್ದರೆ ತಿಳಿಸಿ, ಸಂತೋಷಪಡುತ್ತೇನೆ. ನಿಜವಾಗಿದ್ದರೂ ತಿಳಿಸಿ. ತಿಂಗಳಿಗೆ 200 ಕೊಡಲಾಗದು, 120 ಮಾತ್ರ ಸಾಧ್ಯ ಎಂದರೆ ಅದಕ್ಕೆ ತಕ್ಕಂತೆ ನಮ್ಮ ಲೆಕ್ಕ ಹಾಕಿಕೊಳ್ಳುತ್ತೇವೆ.

ನಮ್ಮ ಕಡೆಯಿಂದ ಬಾಕಿ ಏನಾದರೂ ಇದೆಯೇ ಎಂದೂ ನೋಡಿದೆ. ಎಂಎಸ್‌ಎಂಇ ಕಾಯ್ದೆಯ 45 ದಿನಗಳ ಗಡುವಿನೊಳಗೆ ತಮ್ಮ ಪ್ರತಿ ಬಿಲ್ ಪಾವತಿಯಾಗಿದೆ. ಡ್ರಾಯಿಂಗ್ ಬದಲಾವಣೆಯನ್ನೂ ಈ ವರ್ಷ ನಾವು ಕೇಳಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಉಳಿದ 80 ಎರಕಗಳು ಯಾವ ದಿನ ಹೊರಡುತ್ತವೆ ಎಂಬುದನ್ನು ನವೆಂಬರ್ 20ರ ಸಂಜೆಯೊಳಗೆ ತಮ್ಮ ಸಹಿಯೊಂದಿಗೆ ತಿಳಿಸಿ; ಲಾರಿ ಹೊರಟ ದಿನವೇ ಇ-ವೇ ಬಿಲ್ ಪ್ರತಿ ಕಳುಹಿಸಲು ಹೇಳಿ. ಡಿಸೆಂಬರ್ ಮತ್ತು ಜನವರಿ ಆರ್ಡರ್‌ಗಳಿಗೆ ಮೋಲ್ಡಿಂಗ್ ಯಾವಾಗ, ಸುರಿಯುವುದು ಯಾವಾಗ, ಫೆಟ್ಲಿಂಗ್ ಮುಗಿಯುವುದು ಯಾವಾಗ ಎಂಬ ವಾರವಾರದ ಯೋಜನೆ ಬೇಕು. ಸವೆದ ಕೋರ್ ಬಾಕ್ಸ್ ಇನ್ನೂ ತೊಂದರೆ ಕೊಡುತ್ತಿದ್ದರೆ ಹೊಸದರ ಅರ್ಧ ಖರ್ಚು ಭರಿಸಲು ನಾವು ಸಿದ್ಧರಿದ್ದೇವೆ; ಇದಕ್ಕೆ ನಮ್ಮ ಮಾಲೀಕರ ಒಪ್ಪಿಗೆ ಪಡೆದಿದ್ದೇನೆ. ಜೊತೆಗೆ, ‘ಆಗುವುದಿಲ್ಲ’ ಎಂದು ಹೇಳುವ ಅಧಿಕಾರವುಳ್ಳ ಒಬ್ಬರನ್ನು ನಮ್ಮ ಆರ್ಡರ್‌ಗಳಿಗೆ ಹೊಣೆ ಮಾಡಿ. ಈಗ ನಮ್ಮೊಡನೆ ಮಾತನಾಡುವ ಹುಡುಗರಿಗೆ ಆ ಅಧಿಕಾರ ಇದ್ದಂತಿಲ್ಲ. ಅವರ ಮೇಲೆ ಕ್ರಮ ಕೈಗೊಳ್ಳಬೇಕೆಂಬುದು ಈ ಪತ್ರದ ಉದ್ದೇಶವೂ ಅಲ್ಲ.

ವಾರಕ್ಕೆ ಶೇ 0.5ರಂತೆ, ಗರಿಷ್ಠ ಶೇ 5ರವರೆಗೆ ತಡದ ಕಡಿತ ಮಾಡುವ ಷರತ್ತು ನಮ್ಮ ಪಿಒದಲ್ಲಿ ಮೊದಲಿನಿಂದಲೂ ಇದೆ. ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಬಳಸಿಲ್ಲ. ಡಿಸೆಂಬರ್ ಆರ್ಡರ್‌ನಿಂದ ಬಳಸುತ್ತೇವೆ. ಆ ಆರ್ಡರ್ ಕೂಡ ಹೇಳಿದ ದಿನಕ್ಕೆ ಬಾರದಿದ್ದರೆ, ತಮ್ಮಲ್ಲಿರುವ ನಮ್ಮ ಎರಡು ಪ್ಯಾಟರ್ನ್‌ಗಳಲ್ಲಿ ಒಂದನ್ನು ಹಿಂಪಡೆದು ಬೇರೆ ಫೌಂಡ್ರಿಗೆ ಕೊಡಬೇಕಾಗುತ್ತದೆ.

ನವೆಂಬರ್ 21, ಶುಕ್ರವಾರ ಬೆಳಿಗ್ಗೆ 11ಕ್ಕೆ ನಮ್ಮ ಉತ್ಪಾದನಾ ಮೇಲ್ವಿಚಾರಕರೊಂದಿಗೆ ಶಿವಮೊಗ್ಗಕ್ಕೆ ಬರುತ್ತಿದ್ದೇನೆ. ಗೇಟ್ ರಿಜಿಸ್ಟರ್ ಪ್ರತಿ ಮತ್ತು ಮರಳು ಅಂಟಿದ ಎರಡು ಎರಕಗಳನ್ನು ಜೊತೆಗೆ ತರುತ್ತೇನೆ. ಅರ್ಧ ಗಂಟೆ ಬಿಡುವು ಮಾಡಿಕೊಂಡು ತಾವೇ ಖುದ್ದಾಗಿ ಭೇಟಿಗೆ ಸಿಗಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,

ಖರೀದಿ ವಿಭಾಗದ ಮುಖ್ಯಸ್ಥ
ಪಂಪ್ ತಯಾರಿಕಾ ಘಟಕ, ಪೀಣ್ಯ 2ನೇ ಹಂತ, ಬೆಂಗಳೂರು 560058

ಲಗತ್ತು: ಆರು ಆರ್ಡರ್ ಸ್ವೀಕೃತಿ ಪತ್ರಗಳು, ಗೇಟ್ ರಿಜಿಸ್ಟರ್ ಪುಟಗಳು, ಅಕ್ಟೋಬರ್ 24ರ ಇ-ವೇ ಬಿಲ್
ಪ್ರತಿ: ನಮ್ಮ ಮಾಲೀಕರಿಗೆ, ತಮ್ಮ ಮಾರಾಟ ವಿಭಾಗಕ್ಕೆ