ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ: 45 ಸೆಕೆಂಡುಗಳ ವಿಡಿಯೊ ಸ್ಕ್ರಿಪ್ಟ್

ಸೂಚನೆ: ಈ ವಿಡಿಯೊ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಿಂದ ಪ್ರಥಮ ವರ್ಷದವರಿಗೆ ಹೋಗುತ್ತದೆ. "ಧ್ವನಿ" ಎಂದಿರುವುದನ್ನಷ್ಟೇ ಓದಬೇಕು. ಸಮಯ ಮೀರುವಂತಿದ್ದರೆ ಓದುವ ವೇಗ ಹೆಚ್ಚಿಸುವ ಬದಲು ಮೊದಲ ಭಾಗವನ್ನು ಕಿರಿದುಗೊಳಿಸಿ; ದಾಖಲೆಗಳ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ, ಅರ್ಜಿಗಳು ತಡವಾಗುವುದು ಹೆಚ್ಚಾಗಿ ಅಲ್ಲಿಯೇ.

0–8 ಸೆಕೆಂಡು
ದೃಶ್ಯ: ಹಳೆಯ ಪ್ರಮಾಣಪತ್ರ, ದಿನಾಂಕದ ಸಾಲಿನ ಮೇಲೆ ಬೆರಳು.
ಧ್ವನಿ: ವಿದ್ಯಾರ್ಥಿವೇತನಕ್ಕೆ ಕಂದಾಯ ಇಲಾಖೆಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಹಳೆಯದಿದ್ದರೆ ಮೊದಲು ದಿನಾಂಕ ನೋಡಿ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ.

8–25 ಸೆಕೆಂಡು
ದೃಶ್ಯ: ಮೇಜಿನ ಮೇಲೆ ದಾಖಲೆಗಳು ಒಂದೊಂದಾಗಿ ಬರುತ್ತವೆ. ಕೊನೆಗೆ ಆಧಾರ್ ಮತ್ತು ಪಡಿತರ ಚೀಟಿಯ ಮಾದರಿಗಳು ಅಕ್ಕಪಕ್ಕ: ಒಂದರಲ್ಲಿ "ಮಂಜುನಾಥ ಕೆ", ಇನ್ನೊಂದರಲ್ಲಿ "ಕೆ ಮಂಜುನಾಥ್". ಇನಿಷಿಯಲ್ ಕೆಳಗೆ ಕೆಂಪು ಗೆರೆ.
ಧ್ವನಿ: ನಿಮ್ಮ ಆಧಾರ್, ಪಡಿತರ ಚೀಟಿ, ಜಾತಿ ನಮೂದಾಗಿರುವ ಶಾಲಾ ವರ್ಗಾವಣೆ ಪತ್ರ ಅಥವಾ ತಂದೆಯ ಜಾತಿ ಪ್ರಮಾಣಪತ್ರ, ಪೋಷಕರು ಸಂಬಳದ ಕೆಲಸದಲ್ಲಿದ್ದರೆ ಅವರ ವೇತನ ಪ್ರಮಾಣಪತ್ರ, ಇವಿಷ್ಟನ್ನೂ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಎಲ್ಲದರಲ್ಲೂ ಹೆಸರು, ಇನಿಷಿಯಲ್ ಸಮೇತ, ಒಂದೇ ರೀತಿ ಇರಬೇಕು.

25–37 ಸೆಕೆಂಡು
ದೃಶ್ಯ: ಮೊಬೈಲ್ ಪರದೆ, ಮೇಲೆ nadakacheri.karnataka.gov.in.
ಧ್ವನಿ: ನಾಡಕಚೇರಿ ಜಾಲತಾಣಕ್ಕೆ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ನೀಡಿ ಪ್ರವೇಶಿಸಿ, ಪ್ರಮಾಣಪತ್ರವನ್ನು ಆಯ್ದು, ವಿವರ ತುಂಬಿ, ದಾಖಲೆ ಸೇರಿಸಿ, ಶುಲ್ಕ ಪಾವತಿಸಿ. ನಂತರ ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಪರಿಶೀಲಿಸುತ್ತಾರೆ.

37–45 ಸೆಕೆಂಡು
ದೃಶ್ಯ: ಮಂಜೂರಾದ ಪ್ರಮಾಣಪತ್ರದ ಮಾದರಿ, RD ಎಂದು ಆರಂಭವಾಗುವ ಸಂಖ್ಯೆಯ ಸುತ್ತ ವೃತ್ತ.
ಧ್ವನಿ: ಸ್ವೀಕೃತಿಯನ್ನು ಉಳಿಸಿಕೊಳ್ಳಿ. ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಮೂದಿಸಬೇಕು.

ವಿಡಿಯೊದ ಕೆಳಗೆ ಹಾಕುವ ಬರಹ:
ಆನ್‌ಲೈನ್‌ನಲ್ಲಿ ಸಲ್ಲಿಸಲು ಆಗದವರು ಇದೇ ದಾಖಲೆಗಳೊಂದಿಗೆ ತಮ್ಮ ಹೋಬಳಿಯ ನಾಡಕಚೇರಿಗೆ ಅಥವಾ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಬಹುದು. ಮೂಲ ಪ್ರತಿಗಳನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಸ್ಥಳ ಪರಿಶೀಲನೆಗೆ ಬಂದವರು ಅವನ್ನು ಕೇಳಬಹುದು. ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದರೆ ಮೊದಲು ಆಧಾರ್ ಅಥವಾ ಪಡಿತರ ಚೀಟಿಯನ್ನು ಸರಿಪಡಿಸಿಕೊಂಡು ಆಮೇಲೆ ಅರ್ಜಿ ಹಾಕಿ. ಆತುರದಲ್ಲಿ ಹಾಗೆಯೇ ಸಲ್ಲಿಸಿದರೆ ಪ್ರಮಾಣಪತ್ರವೇನೋ ಕೈಗೆ ಬರಬಹುದು, ಆದರೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹೆಸರು ತಾಳೆಯಾಗದೆ ಮತ್ತೆ ಮೊದಲಿನಿಂದ ಓಡಾಡಬೇಕಾಗುತ್ತದೆ. ಈ ಸೇವೆ, ಸರ್ಕಾರಿ ಸೇವೆಗಳಿಗೆ ಕಾಲಮಿತಿ ನಿಗದಿಪಡಿಸುವ ಸಕಾಲ ವ್ಯಾಪ್ತಿಗೆ ಸೇರಿರುವುದರಿಂದ, ಸ್ವೀಕೃತಿಯಲ್ಲಿರುವ ಅವಧಿ ಮೀರಿದರೆ ಅದನ್ನೇ ಆಧಾರವಾಗಿಟ್ಟು ಮೇಲ್ಮನವಿ ಸಲ್ಲಿಸಬಹುದು.